ಕತ್ತು ತಿರುಗಿಸಿದೊಡನೆ ಮರೆತುಬಿಡುವ ಕಾರು

ಲಾಸಲಗಾಂವ್‌ನ ಅಕ್ಕನ ಮನೆ. ಈರುಳ್ಳಿ ಮಂಡಿಯ ಊರು, ಪಡಸಾಲೆಯಲ್ಲೂ ಗೋಣಿಮೂಟೆಗಳ ಸಾಲು. ಅವುಗಳ ನಡುವೆ ಅಕ್ಕನ ಮಗ ಆರ್ಡುಯಿನೊ ಊನೊ ಕಾರು ಬಿಟ್ಟಿದ್ದ. ಅಡ್ಡ ಏನಾದರೂ ಬಂದರೆ ನಿಂತು, ಸರ್ವೊ ಮೇಲೆ ಕೂತ ಅಲ್ಟ್ರಾಸಾನಿಕ್ ಸೆನ್ಸರನ್ನು ಎಡಕ್ಕೂ ಬಲಕ್ಕೂ ಹೊರಳಿಸಿ, ಜಾಗವಿದ್ದ ಕಡೆ ಹೋಗಬೇಕು. ಆದರೆ ಕತ್ತು ಅರ್ಧ ಹೊರಳುತ್ತಲೇ ಗಕ್ಕನೆ ನಡುವಿಗೆ ಮರಳುತ್ತಿತ್ತು, ಮತ್ತೆ ಮತ್ತೆ.

“ಮಾಮಾ, ಪ್ರೋಗ್ರಾಮ್ ತಪ್ಪಿರಬೇಕು,” ಅಂದ.

`setup()` ಒಳಗೆ 13ನೇ ಪಿನ್ನಿನ ದೀಪ ಐದು ಸಲ ಮಿನುಗುವಂತೆ ಬರೆಯಿಸಿದೆ. ಅದು ನಡೆಯುವುದು ಬೋರ್ಡು ಶುರುವಾದಾಗ ಒಮ್ಮೆ ಮಾತ್ರ. ಇಲ್ಲಿ ಕತ್ತು ಹೊರಳಿದಾಗಲೆಲ್ಲ ದೀಪ ಮಿನುಗಿತು. ಬೋರ್ಡು ಪ್ರತಿ ಸಲವೂ ರೀಸೆಟ್ ಆಗುತ್ತಿತ್ತು. ಯುಎಸ್‌ಬಿ ಕೇಬಲ್ ಚುಚ್ಚಿ ನೋಡಿದ್ದರೆ ಕಂಪ್ಯೂಟರಿನ ಕರೆಂಟು ಸಿಕ್ಕಿ ಈ ದೋಷ ಅಡಗಿಬಿಡಬಹುದಿತ್ತು.

ಎಸ್‌ಜಿ90 ಸರ್ವೊಗೆ ಮೂರು ವೈರು. ಕಿತ್ತಳೆ ಬಣ್ಣದ್ದು ಸಂದೇಶದ್ದು: 20 ಮಿಲಿಸೆಕೆಂಡಿಗೊಂದು ಮಿಡಿತ, ಆ ಮಿಡಿತದ ಅಗಲವೇ ಕೋನ. ಅದಕ್ಕೆ ಕರೆಂಟು ಬೇಕಾಗುವುದೇ ಇಲ್ಲ ಅನ್ನಬಹುದು. ಹಸಿವಿರುವುದು ಕೆಂಪು ವೈರಿಗೆ. ಮೋಟರು ಹೊರಡುವಾಗ ನೂರಾರು ಮಿಲಿಆಂಪ್ ಎಳೆಯುತ್ತದೆ. ಹುಡುಗ ಅದನ್ನು ಬೋರ್ಡಿನ 5 ವೋಲ್ಟ್ ಪಿನ್ನಿಗೆ ಸಿಕ್ಕಿಸಿ, ಬೋರ್ಡಿಗೆ 9 ವೋಲ್ಟ್ ಬ್ಯಾಟರಿ ಕೊಟ್ಟಿದ್ದ. ಆ ಬ್ಯಾಟರಿ ಅಷ್ಟನ್ನು ತಾಳದೆ ವೋಲ್ಟೇಜು ಕುಸಿಯುತ್ತದೆ, ಚಿಪ್ಪು ಎಲ್ಲ ಮರೆತು ಮೊದಲಿನಿಂದ ಶುರುಮಾಡುತ್ತದೆ.

ನಾಲ್ಕು ರೀಚಾರ್ಜ್ ಸೆಲ್ಲುಗಳನ್ನು ಹೋಲ್ಡರಿಗೆ ಹಾಕಿದೆವು, ಒಟ್ಟು 4.8 ವೋಲ್ಟ್. ಕೆಂಪು ವೈರು ಅದರ ಪ್ಲಸ್ಸಿಗೆ, ಕಂದು ಮೈನಸ್ಸಿಗೆ. ಆ ಮೈನಸ್ಸಿನಿಂದ ಆರ್ಡುಯಿನೊದ ಗ್ರೌಂಡಿಗೆ ಇನ್ನೊಂದು ವೈರು. ಇದನ್ನು ಮರೆತರೆ ಮಿಡಿತವನ್ನು ಯಾವುದಕ್ಕೆ ಹೋಲಿಸಿ ಅಳೆಯಬೇಕೆಂದು ಸರ್ವೊಗೆ ತಿಳಿಯದು, ಸುಮ್ಮನೆ ನಡುಗುತ್ತದೆ. ಕಿತ್ತಳೆ ವೈರು 9ನೇ ಪಿನ್ನಿನಲ್ಲೇ ಉಳಿಯಿತು. ಆದರೆ ಸರ್ವೊ ಲೈಬ್ರರಿ ಬಳಸಿದರೆ 9 ಮತ್ತು 10ರಲ್ಲಿ `analogWrite()` ಕೆಲಸ ಮಾಡುವುದಿಲ್ಲ, ಆದ್ದರಿಂದ ಚಕ್ರಗಳ ವೇಗದ ವೈರುಗಳನ್ನು 5 ಮತ್ತು 6ಕ್ಕೆ ಸಾಗಿಸಿದೆವು.

ಸೆನ್ಸರಿಗೆ ಬೋರ್ಡಿನ 5 ವೋಲ್ಟೇ ಸಾಕು. ಟ್ರಿಗ್ 11ಕ್ಕೆ, ಎಕೋ 12ಕ್ಕೆ. ಟ್ರಿಗ್ಗಿಗೆ 10 ಮೈಕ್ರೋಸೆಕೆಂಡಿನ ಮಿಡಿತ ಕೊಟ್ಟರೆ ನಮ್ಮ ಕಿವಿಗೆ ಕೇಳದ ಸದ್ದು ಹೊರಟು, ಅಡ್ಡಿಗೆ ಬಡಿದು ಮರಳುತ್ತದೆ. ಗೋಡೆಯೆದುರು 1166 ಮೈಕ್ರೋಸೆಕೆಂಡ್ ಬಂತು. 0.0343ರಿಂದ ಗುಣಿಸಿ, ಹೋಗಿಬಂದ ದಾರಿಯಾದ್ದರಿಂದ ಅರ್ಧ ಮಾಡಿದರೆ 20 ಸೆಂಟಿಮೀಟರ್.

ಮೂಟೆ ಮಾತ್ರ ಕಾಡಿತು. ಓರೆಯಾಗಿ ನಿಂತ ಮೆತ್ತನೆ ಗೋಣಿ ಸದ್ದನ್ನು ಹೀರಿಯೋ ಚದುರಿಸಿಯೋ ಬಿಡುತ್ತದೆ, ಆಗ `pulseIn()` ಕೊಡುವುದು 0. ಹಾಗೆಂದರೆ ಅಡ್ಡಿ ಮೂಗಿಗೇ ತಾಗಿದೆ ಎಂದಲ್ಲ, ದಾರಿ ಖಾಲಿ ಎಂದೂ ಅಲ್ಲ. ಪ್ರತಿಧ್ವನಿ ಬರಲಿಲ್ಲ, ಅಷ್ಟೇ.

```
long t = pulseIn(12, HIGH, 25000);
if (t == 0) {
  stopCar();
  neck.write(60);
  delay(300);
}
```

`stopCar` ಅವನೇ ಬರೆದದ್ದು, `neck` ಅವನ ಸರ್ವೊದ ಹೆಸರು. ಕತ್ತು ನಿಲ್ಲಲು 300 ಮಿಲಿಸೆಕೆಂಡ್ ಕೊಟ್ಟು, ಬೇರೆ ಕೋನದಿಂದ ಮತ್ತೆ ಅಳೆಯುತ್ತದೆ. ಮೂರನೇ ಮೂಟೆಯೆದುರು ಕಾರು ನಿಂತು, ಹೊರಳಿ ನೋಡಿ, ಬಾಗಿಲ ಕಡೆ ತಿರುಗಿತು.