ಯಾರೂ ಕೇಳದ ನಡುವಿನ ಪ್ರಶ್ನೆ

ಅಳಗುಳಿಮನೆ ಆಡಲೆಂದು ರಫೀಕ 46 ಹುಣಸೆಬೀಜ ಆರಿಸಿ ತಂದಿದ್ದಾನೆ. ಇದು ಗಂಗಾ ತಂದಿದ್ದಕ್ಕಿಂತ 18 ಹೆಚ್ಚು. ಇಬ್ಬರದೂ ಸೇರಿ ಎಷ್ಟು ಬೀಜ?

ಮೂರನೇ ತರಗತಿಯ ಮಕ್ಕಳಿಗೆ ಈ ಲೆಕ್ಕ ಕೊಟ್ಟಾಗ ಬರಬಹುದಾದ ಉತ್ತರಗಳು ಹೆಚ್ಚುಕಮ್ಮಿ ನಾಲ್ಕೇ: 64, 28, 110 ಮತ್ತು 74. ಸರಿಯಾದದ್ದು 74. ಉಳಿದ ಮೂರಕ್ಕೂ ಒಂದೇ ಬಗೆಯ ಕೆಂಪು ಗೀಟು ಎಳೆದು ಮುಂದೆ ಹೋಗುವುದು ಸುಲಭ, ಆದರೆ ಆ ಮೂರೂ ಒಂದೇ ತಪ್ಪಲ್ಲ. 64 ಬರೆದ ಮಗು ಲೆಕ್ಕದಲ್ಲಿ ಎರಡು ಸಂಖ್ಯೆ ಕಂಡಿದೆ, ಕೊನೆಯಲ್ಲಿ ‘ಸೇರಿ’ ಎಂಬ ಮಾತು ಕಂಡಿದೆ, ಎರಡನ್ನೂ ಕೂಡಿ ಮುಗಿಸಿದೆ. 28 ಬರೆದ ಮಗು 46ರಲ್ಲಿ 18 ಕಳೆದು ಗಂಗಾಳ ಬೀಜಗಳನ್ನು ಸರಿಯಾಗಿಯೇ ಕಂಡುಹಿಡಿದಿದೆ. ಅಲ್ಲಿಗೇ ಲೆಕ್ಕ ಮುಗಿಯಿತು ಎಂದುಕೊಂಡಿದೆ. 110 ಬರೆದ ಮಗುವಿಗೆ ಎರಡು ಹಂತ ಇದೆ ಎಂಬುದು ಗೊತ್ತು. ಆದರೆ ‘ಹೆಚ್ಚು’ ಎಂದು ಓದಿದ ತಕ್ಷಣ 18 ಕೂಡಿ, ಗಂಗಾಳಿಗೆ 64 ಬೀಜ ಕೊಟ್ಟು, ಅದಕ್ಕೆ ರಫೀಕನ 46 ಸೇರಿಸಿದೆ. ಗಮನಿಸಿ, ಮೂವರಲ್ಲಿ ಒಬ್ಬರೂ ಕೂಡುವುದರಲ್ಲಾಗಲಿ ಕಳೆಯುವುದರಲ್ಲಾಗಲಿ ತಪ್ಪಿಲ್ಲ. ಇವರಿಗೆ ಇನ್ನೂ ಇಪ್ಪತ್ತು ಕೂಡುವ ಲೆಕ್ಕ ಕೊಟ್ಟರೆ ಏನೂ ಪ್ರಯೋಜನವಿಲ್ಲ.

ಒಂದೇ ಹಂತದ ಹೇಳಿಕೆ ಲೆಕ್ಕದಲ್ಲಿ ಮಗು ಹುಡುಕಬೇಕಾದದ್ದನ್ನು ಲೆಕ್ಕವೇ ಕೇಳುತ್ತದೆ. ಎರಡು ಹಂತದ ಲೆಕ್ಕ ಹಾಗಲ್ಲ. ಮೊದಲು ಗಂಗಾಳ ಬಳಿ ಎಷ್ಟು ಬೀಜ ಇವೆ ಎಂದು ತಿಳಿಯಬೇಕು, ಆದರೆ ಆ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಅದನ್ನು ಮಗುವೇ ಕೇಳಿಕೊಳ್ಳಬೇಕು. ಎಂಟು ವರ್ಷದ ಮಗುವಿಗೆ ಲೆಕ್ಕ ಕಠಿಣವಾಗುವುದು ಇಲ್ಲಿ. ಪಟ್ಟಿ ಚಿತ್ರ ಕೆಲಸಕ್ಕೆ ಬರುವುದೂ ಇಲ್ಲೇ: ಕೇಳದೇ ಬಿಟ್ಟ ಆ ಪ್ರಶ್ನೆಯನ್ನು ಅದು ಕಾಗದದ ಮೇಲೆ ಕಣ್ಣಿಗೆ ಕಾಣುವ ಖಾಲಿ ಜಾಗವಾಗಿ ತೋರಿಸುತ್ತದೆ.

ಒಂದು ಹಾಳೆ ತೆಗೆದುಕೊಂಡು ಜೊತೆಗೇ ಬಿಡಿಸುತ್ತ ಹೋದರೆ ಒಳ್ಳೆಯದು. ಮೊದಲು ಲೆಕ್ಕವನ್ನು ಸಂಖ್ಯೆಗಳಿಲ್ಲದೆ ಓದಿ. ರಫೀಕನ ಹತ್ತಿರ ಒಂದಿಷ್ಟು ಬೀಜ ಇವೆ, ಅವು ಗಂಗಾಳದ್ದಕ್ಕಿಂತ ಹೆಚ್ಚು, ಇಬ್ಬರದೂ ಸೇರಿ ಎಷ್ಟು? ಸಂಖ್ಯೆಗಳನ್ನು ಬೆರಳಿನಿಂದ ಮುಚ್ಚಿ ಓದಿಸಿದರೆ ಮಗುವಿಗೆ ಕೂಡಲು ಏನೂ ಸಿಗುವುದಿಲ್ಲ, ಹಾಗಾಗಿ ಕತೆಯನ್ನೇ ಓದಬೇಕಾಗುತ್ತದೆ. ಈಗ ಒಂದು ಪ್ರಶ್ನೆ ಸಾಕು: ಯಾರ ಬಳಿ ಜಾಸ್ತಿ ಇದೆ? ರಫೀಕನ ಬಳಿ. ಅವನ ಹೆಸರು ಬರೆದು ಅದರ ಮುಂದೆ ಒಂದು ಉದ್ದನೆಯ ಪಟ್ಟಿ ಎಳೆಯಿರಿ. ಅದರ ಕೆಳಗೆ ಗಂಗಾಳ ಹೆಸರು ಬರೆದು ಗಿಡ್ಡ ಪಟ್ಟಿ ಎಳೆಯಿರಿ. ಎರಡೂ ಎಡಗಡೆ ಒಂದೇ ಗೆರೆಯಿಂದ ಶುರುವಾಗಬೇಕು; ಇಲ್ಲದಿದ್ದರೆ ಯಾವುದು ಉದ್ದ, ಎಷ್ಟು ಉದ್ದ ಎಂಬುದು ಕಾಣುವುದಿಲ್ಲ.

ಸಂಖ್ಯೆಗಳಿಗೆ ಈಗ ಜಾಗ ಸಿಕ್ಕಿತು. ರಫೀಕನ ಪಟ್ಟಿಯ ಮೇಲೆ 46. ಗಂಗಾಳ ಪಟ್ಟಿ ಮುಗಿದ ಕಡೆಯಿಂದ ರಫೀಕನದು ಮುಗಿಯುವ ತನಕ ಉಳಿದ ತುಣುಕಿನ ಮೇಲೆ 18. ಗಂಗಾಳ ಪಟ್ಟಿಯೊಳಗೆ ಬರೆಯಲು ಏನೂ ಇಲ್ಲ, ಹಾಗಾಗಿ ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಕೊನೆಗೆ ಬಲಗಡೆ ಎರಡೂ ಪಟ್ಟಿಗಳನ್ನು ಸೇರಿಸಿ ಒಂದು ಪುಷ್ಪಾವರಣ ಹಾಕಿ, ಅದರ ಹೊರಗೆ ಇನ್ನೊಂದು ಪ್ರಶ್ನಾರ್ಥಕ ಚಿಹ್ನೆ. ಲೆಕ್ಕ ಕೇಳಿದ್ದು ಈ ಹೊರಗಿನದನ್ನು. ಒಳಗಿನದು ಚಿತ್ರ ಬಿಡಿಸುವಾಗ ನಮಗೆ ಎದುರಾದದ್ದು. ಒಳಗಿನದು ತುಂಬದೆ ಹೊರಗಿನದಕ್ಕೆ ಹೋಗಲು ಆಗುವುದಿಲ್ಲ ಎಂಬುದನ್ನು ಮಗುವಿಗೆ ಹೇಳಿಕೊಡಬೇಕಾಗಿಲ್ಲ. ಅದು ಎದುರಿಗೇ ಇದೆ.

ಮುಂದಿನದು ಬೇಗ ಮುಗಿಯುತ್ತದೆ. ಉದ್ದನೆಯ ಪಟ್ಟಿಯಿಂದ 18ರ ತುಣುಕು ತೆಗೆದರೆ ಗಂಗಾಳದ್ದು: 46 – 18 = 28. ಎರಡೂ ಪಟ್ಟಿ ಸೇರಿದರೆ 46 + 28 = 74. ಅಮೆರಿಕದ ಅನೇಕ ರಾಜ್ಯಗಳು ಒಪ್ಪಿಕೊಂಡ, 2010ರಲ್ಲಿ ಪ್ರಕಟವಾದ ‘ಕಾಮನ್ ಕೋರ್’ ಪಠ್ಯ ಮಾನದಂಡಗಳು ಮೂರನೇ ತರಗತಿಯಲ್ಲೇ ಎರಡು ಹಂತದ ಲೆಕ್ಕಗಳನ್ನು ಕೇಳುತ್ತವೆ, ಗೊತ್ತಿಲ್ಲದ ಸಂಖ್ಯೆಗೆ ಒಂದು ಅಕ್ಷರ ಇಟ್ಟು ಸಮೀಕರಣ ಬರೆಯಬೇಕು ಎನ್ನುತ್ತವೆ, ಬಂದ ಉತ್ತರ ಸಂಭವವೇ ಎಂದು ಅಂದಾಜಿನಿಂದ ನೋಡಬೇಕು ಎಂದೂ ಹೇಳುತ್ತವೆ. ನಮ್ಮ ಲೆಕ್ಕದಲ್ಲಿ ಗಂಗಾಳ ಬೀಜಗಳನ್ನು ‘ಗ’ ಎಂದು ಕರೆದರೆ 46 – 18 = ಗ, ಆಮೇಲೆ 46 + ಗ = ಒಟ್ಟು. ಅಕ್ಷರ ಕಂಡು ಮಗು ಹೆದರುವುದಿಲ್ಲ, ಏಕೆಂದರೆ ‘ಗ’ ಯಾವ ಪಟ್ಟಿ ಎಂದು ಅದಕ್ಕೆ ಗೊತ್ತು. ಇನ್ನು ಅಂದಾಜು: ಗಂಗಾಳ ಪಟ್ಟಿ ರಫೀಕನದಕ್ಕಿಂತ ಗಿಡ್ಡ. ಅಂದಮೇಲೆ ಇಬ್ಬರದೂ ಸೇರಿದರೆ ಎರಡು 46ಕ್ಕಿಂತ, ಎಂದರೆ 92ಕ್ಕಿಂತ ಕಡಿಮೆಯೇ ಇರಬೇಕು. 110 ಬರೆದ ಮಗು ಇದನ್ನು ನೋಡಿದರೆ ಯಾರೂ ಹೇಳದೆಯೇ ತನ್ನ ಉತ್ತರಕ್ಕೆ ಮರಳುತ್ತದೆ.

ಈ ವಿಧಾನ ಪಾಠದ ಕ್ರಮವಾಗಿ ರೂಪುಗೊಂಡದ್ದು ಸಿಂಗಪುರದಲ್ಲಿ. 1980ರ ದಶಕದಲ್ಲಿ ಅಲ್ಲಿನ ಶಿಕ್ಷಣ ಇಲಾಖೆಯಲ್ಲಿ ಖೋ ಟೆಕ್ ಹಾಂಗ್ ಅವರ ನೇತೃತ್ವದ ತಂಡ ಪ್ರಾಥಮಿಕ ಶಾಲೆಯ ಗಣಿತ ಪುಸ್ತಕಗಳಿಗೆ ಇದನ್ನು ತಂದಿತು. ಹೇಳಿಕೆ ಲೆಕ್ಕಗಳಲ್ಲಿ ಮಕ್ಕಳು ಮುಗ್ಗರಿಸುತ್ತಿದ್ದುದೇ ಅದಕ್ಕೆ ಕಾರಣ. ಮೊದಲು ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ ಎಂಬ ಅಲ್ಲಿನ ಕ್ರಮಕ್ಕೆ ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ ಅವರ ವಿಚಾರಗಳು ಆಧಾರ. ನಡುವಿನ ಚಿತ್ರದ ಮೆಟ್ಟಿಲನ್ನು ನಮ್ಮಲ್ಲಿ ತುಂಬ ಕಡೆ ಹಾರಿಬಿಡುತ್ತೇವೆ ಎಂಬುದು ನನ್ನ ಅನಿಸಿಕೆ. ಬೀಜ, ಕಡ್ಡಿ, ಮಣಿಗಳಿಂದ ನೇರವಾಗಿ ಅಂಕಿಗೆ ನೆಗೆಯುತ್ತೇವೆ. ಆ ಕೊರತೆ ತುಂಬಲು ‘ಒಟ್ಟು ಎಂದರೆ ಕೂಡು, ಉಳಿದದ್ದು ಎಂದರೆ ಕಳೆ, ಹೆಚ್ಚು ಎಂದರೆ ಕೂಡು’ ಎಂಬ ಸೂತ್ರ ಬಾಯಿಪಾಠ ಮಾಡಿಸುತ್ತೇವೆ. ರಫೀಕನ ಲೆಕ್ಕದಲ್ಲಿ ಕೆಟ್ಟದ್ದು ಆ ಸೂತ್ರದಿಂದಲೇ. ಅದನ್ನು ಕಲಿಸದಿರುವುದು ಒಳ್ಳೆಯದು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಗುಣಾಕಾರ ಬಂದಾಗ ಚಿತ್ರ ಸ್ವಲ್ಪ ಬದಲಾಗುತ್ತದೆ. ‘ಟೀಚರ್ 5 ಪ್ಯಾಕೆಟ್ ಪೆನ್ಸಿಲ್ ತಂದರು. ಒಂದೊಂದರಲ್ಲಿ 8 ಪೆನ್ಸಿಲ್. 13 ಪೆನ್ಸಿಲ್ ಹಂಚಿದರು. ಎಷ್ಟು ಉಳಿದವು?’ ಇಲ್ಲಿ ಹೋಲಿಸುವುದಕ್ಕೆ ಇಬ್ಬರಿಲ್ಲ, ಆದ್ದರಿಂದ ಒಂದೇ ಪಟ್ಟಿ. ಅದನ್ನು ಐದು ಸಮ ಮನೆಗಳಾಗಿ ಭಾಗ ಮಾಡಿ ಪ್ರತಿ ಮನೆಯಲ್ಲೂ 8 ಬರೆಯಬೇಕು. ಇಡೀ ಪಟ್ಟಿ ಎಷ್ಟು ಎಂದು ಲೆಕ್ಕ ಹೇಳಿಲ್ಲ. ಅಡಗಿರುವ ಪ್ರಶ್ನೆ ಅದೇ. 5 × 8 = 40. ಆಮೇಲೆ ಅದೇ ಪಟ್ಟಿಯ ಕೆಳಗೆ, ಅಷ್ಟೇ ಉದ್ದದ ಇನ್ನೊಂದು ಪಟ್ಟಿ ಎಳೆದು 13 ಒಂದು ಕಡೆ, ಉಳಿದ ಭಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ. 40 – 13 = 27.

ಇಲ್ಲಿ ತಪ್ಪು ಬೇರೆ ಥರ ಬರುತ್ತದೆ. ಕೆಲವು ಮಕ್ಕಳು 5, 8, 13 ಎಂದು ಮೂರು ತುಣುಕು ಎಳೆದು ಪಕ್ಕಪಕ್ಕ ಇಡುತ್ತಾರೆ. ಅವರ ಉತ್ತರ 26. ಉತ್ತರ ಮಾತ್ರ ನೋಡಿದರೆ ಸರಿಯುತ್ತರಕ್ಕೆ ಒಂದೇ ಕಡಿಮೆ, ಎಲ್ಲೋ ಎಣಿಸುವಾಗ ಎಡವಿದೆ ಅನ್ನಿಸುತ್ತದೆ. ಚಿತ್ರ ನೋಡಿದರೆ ಲೆಕ್ಕವೇ ಅರ್ಥವಾಗಿಲ್ಲ ಎಂದು ತಿಳಿಯುತ್ತದೆ: 5 ಪೆನ್ಸಿಲ್ಲುಗಳಲ್ಲ, ಪ್ಯಾಕೆಟ್ಟುಗಳು. ಆಗ ಕೇಳಬೇಕಾದದ್ದು ‘ಈ 5 ಏನು?’ ಎಂಬುದೊಂದೇ. ಇನ್ನೊಂದು ಮಗು 13ನ್ನು ಐದು ಮನೆಗಳ ಮೇಲೇ ಗುರುತಿಸಬಹುದು. ಮೊದಲ ಮನೆ ಪೂರ್ತಿ, ಎರಡನೆಯದರಲ್ಲಿ 5. ಎರಡನೇ ಮನೆಯಲ್ಲಿ 3 ಉಳಿಯಿತು, ಇನ್ನು ಮೂರು ಮನೆ ಮುಟ್ಟಿಲ್ಲ: 24 ಮತ್ತು 3 ಸೇರಿ 27. ಈ ಮಗು 40 ಎಂಬ ಸಂಖ್ಯೆಯನ್ನು ಎಲ್ಲೂ ಬರೆದಿಲ್ಲ. ಅದನ್ನು ತಪ್ಪು ಎನ್ನದೆ ಬೋರ್ಡಿನ ಮೇಲೆ ಬಿಡಿಸಿ ಎಲ್ಲರಿಗೂ ತೋರಿಸಬೇಕು.

ಅಭ್ಯಾಸಕ್ಕೆ ಹೊಸ ಲೆಕ್ಕಗಳ ರಾಶಿ ಬೇಡ. ರಫೀಕ–ಗಂಗಾರ ಚಿತ್ರವನ್ನೇ ಇಟ್ಟುಕೊಂಡು ಪ್ರಶ್ನಾರ್ಥಕ ಚಿಹ್ನೆಗಳ ಜಾಗ ಬದಲಿಸಿ. ಒಟ್ಟು 74, ರಫೀಕನದು 46 ಎಂದು ಕೊಟ್ಟು 18ರ ಜಾಗದಲ್ಲಿ ಚಿಹ್ನೆ ಇಟ್ಟರೆ ಅದೂ ಎರಡು ಹಂತದ ಲೆಕ್ಕವೇ. ಮಕ್ಕಳೇ ಅದಕ್ಕೆ ಮಾತು ಕಟ್ಟಲಿ. ಒಟ್ಟು 74, ವ್ಯತ್ಯಾಸ 18 ಎಂದು ಮಾತ್ರ ಹೇಳಿ ಎರಡೂ ಪಟ್ಟಿಗಳನ್ನು ಖಾಲಿ ಬಿಟ್ಟರೆ ಲೆಕ್ಕ ದೊಡ್ಡ ತರಗತಿಯದಾಗುತ್ತದೆ. ಆದರೂ ಚಿತ್ರ ದಾರಿ ತೋರಿಸುತ್ತದೆ. 18 ತೆಗೆದರೆ ಎರಡು ಸಮ ಪಟ್ಟಿ ಉಳಿಯುತ್ತವೆ, ಅವೆರಡೂ ಸೇರಿ 56, ಒಂದು 28. ಇದನ್ನೇ ಪ್ರೌಢಶಾಲೆಯಲ್ಲಿ ಎಕ್ಸ್ ಬಳಸಿ ಬಿಡಿಸುತ್ತಾರೆ.

ತರಗತಿಯಲ್ಲಿ ಇದು ಹಳಿ ತಪ್ಪುವುದು ಹೆಚ್ಚಾಗಿ ಎರಡು ರೀತಿಯಲ್ಲಿ. ಒಂದು, ಚಿತ್ರವನ್ನು ಶಿಕ್ಷಕರೇ ಬಿಡಿಸಿಕೊಟ್ಟು ಮಕ್ಕಳಿಂದ ಸಂಖ್ಯೆ ತುಂಬಿಸುವುದು. ಆಗ ಯೋಚನೆಯ ಕೆಲಸವೆಲ್ಲ ಶಿಕ್ಷಕರದಾಗಿ, ಮಗುವಿಗೆ ಉಳಿಯುವುದು ಕೂಡುವುದು, ಕಳೆಯುವುದು ಮಾತ್ರ. ಇನ್ನೊಂದು, ಸ್ಕೇಲು ಹಿಡಿದು 46ಕ್ಕೆ ಸರಿಯಾಗಿ ಅಳತೆ ಮಾಡಿ ಪಟ್ಟಿ ಎಳೆದು ಬಣ್ಣ ತುಂಬುವುದು. ಇದು ದತ್ತಾಂಶದ ಪಾಠದಲ್ಲಿ ಬರುವ ಸ್ತಂಭಾಲೇಖವಲ್ಲ. ದೊಡ್ಡದು ದೊಡ್ಡದಾಗಿ, ಸಮನಾದದ್ದು ಸಮನಾಗಿ ಕಂಡರೆ ಸಾಕು, ಕೈಗೆರೆಯೇ ಸಾಕು. ಬಿಡಿಸಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಚಿತ್ರ ಲೆಕ್ಕಕ್ಕೆ ಹೊರೆಯಾಗುತ್ತದೆ. ಬಿಡಿಸಿದ ಮೇಲೆ, ಲೆಕ್ಕ ಮಾಡುವ ಮೊದಲು, ಚಿತ್ರ ತೋರಿಸಿ ಕತೆ ಹೇಳಿಸಬೇಕು. ಕತೆ ಸರಿಯಾಗಿ ಬಂದರೆ ಚಿತ್ರ ಸರಿ ಇದೆ.

ಇದಕ್ಕೂ ಮಿತಿ ಇದೆ. ಮೂರನೇ ತರಗತಿಯ 27 ಮಕ್ಕಳು, ನಾಲ್ಕನೇ ತರಗತಿಯ 22 ಮಕ್ಕಳು ಪ್ರವಾಸ ಹೊರಟಿದ್ದಾರೆ. ಒಂದು ವ್ಯಾನಿನಲ್ಲಿ 8 ಮಕ್ಕಳು ಕೂರಬಹುದಾದರೆ ಎಷ್ಟು ವ್ಯಾನು ಬೇಕು? ಒಟ್ಟು 49 ಎಂದು ಪಟ್ಟಿ ಸುಲಭವಾಗಿ ತೋರಿಸುತ್ತದೆ. ಅದನ್ನು 8, 8ರಂತೆ ಭಾಗ ಮಾಡುತ್ತ ಹೋದರೆ ಆರು ಮನೆ ತುಂಬಿ, ಕೊನೆಯಲ್ಲಿ 1ರ ಒಂದು ಸಣ್ಣ ತುಣುಕು ಉಳಿಯುತ್ತದೆ. ಆ ತುಣುಕನ್ನು ಏನು ಮಾಡಬೇಕು ಎಂದು ಚಿತ್ರ ಹೇಳುವುದಿಲ್ಲ. ಇದೇ ಚಿತ್ರ 49 ಪುಟ್ಟ ಲಾಡುಗಳನ್ನು 8ರ ಡಬ್ಬಿಗಳಲ್ಲಿ ತುಂಬುವ ಲೆಕ್ಕಕ್ಕೂ ಹೊಂದುತ್ತದೆ. ಅಲ್ಲಿ ತುಂಬಿದ ಡಬ್ಬಿಗಳು ಎಷ್ಟು ಎಂದು ಕೇಳಿದರೆ ಉತ್ತರ 6. ವ್ಯಾನಿನ ಲೆಕ್ಕದಲ್ಲಿ ಆ ಒಂದು ತುಣುಕು ಒಂದು ಮಗು, ಅದನ್ನು ಬಿಟ್ಟು ಹೋಗಲಾಗದು. ಹಾಗಾಗಿ 7 ವ್ಯಾನು.