ಪೊರೆ ಆಪರೇಷನ್‌ಗೆ ಒಟ್ಟು ಎಷ್ಟಾಗುತ್ತೆ?

ಕಣ್ಣಿನ ಪೊರೆ ಆಪರೇಷನ್‌ಗೆ ಎಷ್ಟಾಗುತ್ತೆ ಎಂದು ಖಾಸಗಿ ಆಸ್ಪತ್ರೆಯಲ್ಲಿ ಕೇಳಿದರೆ, ಕೌನ್ಸೆಲರ್ ಒಂದು ಮೊತ್ತ ಹೇಳುವುದಿಲ್ಲ. ನಾಲ್ಕೈದು ಪ್ಯಾಕೇಜುಗಳ ಪಟ್ಟಿಯನ್ನೇ ಮುಂದಿಡುತ್ತಾರೆ. ಮೊದಲನೆಯದಕ್ಕೂ ಕೊನೆಯದಕ್ಕೂ ಮೂರ್ನಾಲ್ಕು ಪಟ್ಟು ವ್ಯತ್ಯಾಸ ಇರುವುದುಂಟು. ಆಪರೇಷನ್ ಮಾಡುವ ಡಾಕ್ಟರು ಅವರೇ, ಥಿಯೇಟರ್ ಅದೇ, ಹಿಡಿಯುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಕಣ್ಣೊಳಗೆ ಕೂರಿಸುವ ಲೆನ್ಸ್.

ವಯಸ್ಸಾದಂತೆ ಕಣ್ಣಿನ ಸಹಜ ಲೆನ್ಸ್ ಮಬ್ಬಾಗುವುದೇ ಪೊರೆ. ಅದನ್ನು ಪುಡಿಮಾಡಿ ಹೀರಿ ತೆಗೆದು, ಅದು ಕೂತಿದ್ದ ತೆಳುವಾದ ಚೀಲದಲ್ಲೇ ಕೃತಕ ಲೆನ್ಸ್ ಇಡುತ್ತಾರೆ. ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ನಡೆಸುತ್ತಿದ್ದ ಕಾಲದಲ್ಲಿ ಆಪರೇಷನ್ ಆದವರಿಗೆ ಸೋಡಾಬುಡ್ಡಿ ಕನ್ನಡಕವೇ ಗತಿಯಾಗಿತ್ತು. ಕೃತಕ ಲೆನ್ಸ್ ಆಗ ನಮ್ಮವರ ಕೈಗೆ ಎಟುಕುತ್ತಿರಲಿಲ್ಲ. 1992ರಲ್ಲಿ ಮದುರೆಯಲ್ಲಿ ಅರೋಲ್ಯಾಬ್ ಶುರುವಾಗಿ ಇಲ್ಲಿಯೇ ಲೆನ್ಸ್ ತಯಾರಾಗತೊಡಗಿದ ಮೇಲೆ ಬೆಲೆ ಇಳಿಯಿತು. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ, ಉಚಿತ ಶಿಬಿರಗಳಲ್ಲಿ ಲೆನ್ಸ್ ಸಮೇತ ಆಪರೇಷನ್ ಆಗುತ್ತದೆ. ಅಲ್ಲಿ ಸಾಮಾನ್ಯವಾಗಿ ಸ್ವಲ್ಪ ದೊಡ್ಡ ಗಾಯದ, ಆದರೂ ಹೊಲಿಗೆ ಬೇಡದ ವಿಧಾನ ಬಳಸುತ್ತಾರೆ. ಅದು ಕಳಪೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪೊರೆ ಪೂರ್ತಿ ಬಲಿತು ಗಟ್ಟಿಯಾದ ಕಣ್ಣಿಗೆ ಎಷ್ಟೋ ಸಲ ಅದೇ ಕ್ಷೇಮ. ಖಾಸಗಿಯಲ್ಲಿ ಹೆಚ್ಚಾಗಿ ನಡೆಯುವ ಫೇಕೋದಲ್ಲಿ ಗಾಯ ಎರಡು-ಮೂರು ಮಿಲಿಮೀಟರ್ ಮಾತ್ರ. ಅದರ ಮೂಲಕ ಮಡಚಿದ ಲೆನ್ಸ್ ತೂರಿಸಿ ಒಳಗೆ ಬಿಚ್ಚಿಕೊಳ್ಳಲು ಬಿಡುತ್ತಾರೆ.

ಪಟ್ಟಿಯಲ್ಲಿ ಕೆಳಗಿನ ಬೆಲೆಯದು ಮೋನೋಫೋಕಲ್. ಒಂದು ದೂರಕ್ಕೆ ಮಾತ್ರ ಸ್ಪಷ್ಟ. ದೂರದ ನೋಟಕ್ಕೆ ಹೊಂದಿಸಿದರೆ ಓದಲು ಕನ್ನಡಕ ಬೇಕೇ ಬೇಕು. ಕಾರ್ನಿಯಾದ ವಕ್ರತೆಯಿಂದ ಸಿಲಿಂಡರ್ ಪವರ್ ಇರುವವರಿಗೆ ಟೋರಿಕ್. ದೂರ, ಕಂಪ್ಯೂಟರ್, ಓದು ಮೂರಕ್ಕೂ ಕನ್ನಡಕದ ಹಂಗು ಬಹುಪಾಲು ತಪ್ಪಿಸುವುದು ಟ್ರೈಫೋಕಲ್. ಬೆಲೆ ಏರಿದಂತೆ ನೋಟವೂ ಉತ್ತಮವಾಗುತ್ತದೆ ಎಂದು ತಿಳಿಯುವುದೇ ತಪ್ಪು. ಟ್ರೈಫೋಕಲ್ ಒಳಬರುವ ಬೆಳಕನ್ನು ಹಂಚುತ್ತದೆ. ಹಾಗಾಗಿ ಮಬ್ಬು ಬೆಳಕಿನಲ್ಲಿ ನೋಟದ ಖಚಿತತೆ ಕೊಂಚ ಕುಗ್ಗುತ್ತದೆ, ರಾತ್ರಿ ಹೆಡ್‌ಲೈಟಿನ ಸುತ್ತ ಪ್ರಭೆಯ ಬಳೆಗಳು ಕಾಣಬಹುದು. ರಾತ್ರಿ ಲಾರಿ ಓಡಿಸುವವರಿಗೆ ಅದು ತೊಡಕೇ. ಕಣ್ಣಿನ ಹಿಂಪದರ ಸರಿಯಿಲ್ಲದವರಿಗಂತೂ ಕೊಟ್ಟ ದುಡ್ಡು ವ್ಯರ್ಥ.

ಇನ್ನು ಲೆಕ್ಕಕ್ಕೆ ಬರೋಣ. ದರಗಳು ಊರಿಂದೂರಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಕೆಳಗಿನ ಅಂಕಿಗಳು ಲೆಕ್ಕ ಹಾಕುವ ಬಗೆ ತೋರಿಸಲು ಇಟ್ಟುಕೊಂಡವು. ಹಾಸನದ ನಿವೃತ್ತ ಶಿಕ್ಷಕಿಯೊಬ್ಬರು ಎಂದಿಟ್ಟುಕೊಳ್ಳಿ. ವಯಸ್ಸು 66, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಬಲಗಣ್ಣಿಗೆ ಪೊರೆ. ಬೆಂಗಳೂರಿನ ಆಸ್ಪತ್ರೆ ಮೋನೋಫೋಕಲ್‌ಗೆ 36,000, ಟ್ರೈಫೋಕಲ್‌ಗೆ 90,000 ರೂಪಾಯಿ ಹೇಳಿದೆ.

ಪ್ಯಾಕೇಜಿಗಿಂತ ಮೊದಲು ಪರೀಕ್ಷೆಗಳ ಖರ್ಚು. ಕಣ್ಣಿನ ಉದ್ದ ಮತ್ತು ಕಾರ್ನಿಯಾದ ವಕ್ರತೆ ಅಳೆದು ಲೆನ್ಸ್ ಪವರ್ ನಿರ್ಧರಿಸುವ ಬಯೋಮೆಟ್ರಿಯನ್ನು ಬಿಡುವಂತೆಯೇ ಇಲ್ಲ. ಉದ್ದದಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಪವರ್ ಎರಡೂವರೆ-ಮೂರರಷ್ಟು ಎಡವಟ್ಟಾಗುತ್ತದೆ. ತಪಾಸಣೆ ಸೇರಿ ಇದಕ್ಕೆ 2,000, ರಕ್ತಪರೀಕ್ಷೆ, ಇಸಿಜಿ, ಫಿಸಿಷಿಯನ್ ಒಪ್ಪಿಗೆಗೆ 1,500. ಸಕ್ಕರೆ ಇರುವುದರಿಂದ ಹಿಂಪದರದ ಓಸಿಟಿ ಸ್ಕ್ಯಾನ್‌ಗೆ ಇನ್ನೊಂದು 1,500. ಆಮೇಲೆ ಹಚ್ಚುವ ಔಷಧಿ ಹನಿಗಳಿಗೆ 2,000, ತಿಂಗಳ ಮೇಲೆ ಮಾಡಿಸುವ ಕನ್ನಡಕಕ್ಕೆ 3,000. ಜೊತೆಗೊಬ್ಬರು ಬರಲೇಬೇಕು, ಇಬ್ಬರ ಬಸ್ಸು, ಆಟೋ, ಊಟ ಒಂದು ಸಲಕ್ಕೆ 1,200ರಂತೆ ನಾಲ್ಕು ಸಲ ಓಡಾಟಕ್ಕೆ 4,800. ಒಂದು ರಾತ್ರಿ ಲಾಡ್ಜಿಗೆ 1,500. ಎಲ್ಲ ಕೂಡಿದರೆ 36,000 ಎಂದದ್ದು 52,300 ಆಯಿತು.

ಲಾಡ್ಜ್ ಯಾಕೆ, ಆಸ್ಪತ್ರೆಯಲ್ಲೇ ಮಲಗಿಸಿಕೊಳ್ಳುವುದಿಲ್ಲವೇ? ಇಲ್ಲ, ಇದು ಡೇಕೇರ್ ಆಪರೇಷನ್. ಬಹುಪಾಲು ಜನರಿಗೆ ಮರಗಟ್ಟಿಸುವ ಹನಿ ಸಾಕು, ಬೆಳಿಗ್ಗೆ ಹೋದವರು ಮಧ್ಯಾಹ್ನ ಹೊರಬರುತ್ತಾರೆ. ಆದರೆ ಮರುದಿನ ಕಣ್ಣಿನ ಒತ್ತಡ, ಗಾಯ ನೋಡಿಸಲೇಬೇಕು. ಅದಕ್ಕೇ ದೂರದೂರಿನವರಿಗೆ ಒಂದು ರಾತ್ರಿ ಉಳಿಯುವ ಖರ್ಚು. ಇಪ್ಪತ್ತನಾಲ್ಕು ಗಂಟೆ ಅಡ್ಮಿಟ್ ಆಗದಿದ್ದರೆ ವಿಮೆ ಸಿಗದು ಎಂಬ ಮಾತು ಪೊರೆ ಆಪರೇಷನ್‌ಗೆ ಅನ್ವಯಿಸುವುದಿಲ್ಲ; ಅದಕ್ಕಾಗಿ ರೂಮು ಮಾಡಿಕೊಳ್ಳಬೇಡಿ.

ಶಿಕ್ಷಕಿಯ ಬಳಿ ಮೂರು ಲಕ್ಷದ ಆರೋಗ್ಯ ಸಂಜೀವಿನಿ ಪಾಲಿಸಿ ಇದೆ ಅನ್ನೋಣ. ಅದರಲ್ಲಿ ಪೊರೆಗೆ ಎರಡು ವರ್ಷ ಕಾಯಬೇಕು. ಒಂದು ಕಣ್ಣಿಗೆ ವಿಮಾ ಮೊತ್ತದ ಶೇ 25 ಅಥವಾ 40,000, ಯಾವುದು ಕಡಿಮೆಯೋ ಅದೇ ಮಿತಿ, ಮೇಲೆ ಶೇ 5ರ ಪಾಲು ನಮ್ಮದು. ಪರೀಕ್ಷೆ, ಪ್ಯಾಕೇಜ್, ಔಷಧಿ ಸೇರಿ 43,000 ಕೇಳಿದರೂ ಅದು 40,000ಕ್ಕೆ ಇಳಿದು, ಕೈಗೆ ಬರುವುದು ಹೆಚ್ಚೆಂದರೆ 38,000. ಜೇಬಿನಿಂದ 14,300. ಟ್ರೈಫೋಕಲ್ ಹಾಕಿಸಿದರೂ ವಿಮೆ ಆ 38,000 ದಾಟುವುದಿಲ್ಲ. ಜೇಬಿನಿಂದ ಹೋಗುವುದು 68,300. ಆ ಓಸಿಟಿಯಲ್ಲಿ ಹಿಂಪದರದ ಮಧ್ಯಭಾಗದಲ್ಲಿ ನೀರು ತುಂಬಿದ್ದು ಕಂಡರೆ ಟ್ರೈಫೋಕಲ್ ಬೇಡವೆಂದೇ ಡಾಕ್ಟರು ಹೇಳುತ್ತಾರೆ, ಮೊದಲು ಅದಕ್ಕೆ ಚಿಕಿತ್ಸೆ ಎನ್ನುತ್ತಾರೆ. 1,500 ರೂಪಾಯಿಯ ಸ್ಕ್ಯಾನ್ 54,000 ರೂಪಾಯಿಯ ತೀರ್ಮಾನ ಮಾಡಿತು. ಸಕ್ಕರೆ ಇರುವವರು ಪ್ಯಾಕೇಜ್ ಆರಿಸುವ ಮೊದಲೇ ಈ ಸ್ಕ್ಯಾನ್ ಮಾಡಿಸಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಅಂದಾಜು ತಪ್ಪುವ ಇನ್ನೊಂದು ಜಾಗ ಥಿಯೇಟರಿನೊಳಗೆ. ಲೆನ್ಸ್ ಇಡುವ ಚೀಲ ಈರುಳ್ಳಿಯ ಒಳಪೊರೆಯಷ್ಟು ತೆಳು. ಅದು ಅಪರೂಪಕ್ಕೆ ಹರಿಯುತ್ತದೆ. ಆಗ ಮುಂದೆ ನುಗ್ಗಿದ ಲೋಳೆಯನ್ನು ತೆಗೆಯಬೇಕು, ಬೇರೆ ಬಗೆಯ ಲೆನ್ಸ್ ಬೇಕಾಗಬಹುದು, ಇಲ್ಲವೇ ಇನ್ನೊಂದು ದಿನ ಎರಡನೇ ಆಪರೇಷನ್. ಇದರ ಖರ್ಚು ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಸಹಿ ಹಾಕುವ ಮೊದಲೇ ಕೇಳಿ, ಬರೆಸಿಕೊಳ್ಳಿ. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ನುಂಗುವ ಗಂಡಸರು ಅದನ್ನು ಹೇಳಲೇಬೇಕು. ಹಿಂದೆಂದೋ ನುಂಗಿ ಬಿಟ್ಟಿದ್ದರೂ ಸರಿ. ಆ ಔಷಧಿಯಿಂದ ಕಣ್ಣಿನ ಪಾಪೆ ಸಡಿಲವಾಗಿ ಕುಗ್ಗುತ್ತದೆ. ಗೊತ್ತಿದ್ದರೆ ಡಾಕ್ಟರು ಅದಕ್ಕೆ ತಕ್ಕ ತಯಾರಿ ಮಾಡಿಕೊಳ್ಳುತ್ತಾರೆ.

ಮರುಭೇಟಿ ಸಾಮಾನ್ಯವಾಗಿ ಮರುದಿನ, ವಾರಕ್ಕೆ, ತಿಂಗಳಿಗೆ. ಎಷ್ಟು ಭೇಟಿ ಪ್ಯಾಕೇಜಿನೊಳಗೆ ಎಂಬುದು ಆಸ್ಪತ್ರೆಗೊಂದು ರೀತಿ. ಚೆನ್ನಾಗಿ ಕಾಣುತ್ತಿದೆಯಲ್ಲ ಎಂದು ಬಸ್ ಖರ್ಚು ಉಳಿಸಲು ವಾರದ ಭೇಟಿ ಬಿಡುವವರಿದ್ದಾರೆ. ಹನಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಅದು ಕೆಲವರಲ್ಲಿ ಸದ್ದಿಲ್ಲದೆ ಕಣ್ಣಿನ ಒತ್ತಡ ಏರಿಸುತ್ತದೆ. ಅದು ತಿಳಿಯುವುದು ಅಳೆದಾಗ ಮಾತ್ರ. ಮೊದಲ ವಾರದಲ್ಲಿ ನೋವು ಹೆಚ್ಚಿದರೆ, ಕಣ್ಣು ಕೆಂಪಾದರೆ, ಬಂದ ನೋಟ ಮತ್ತೆ ಮಸುಕಾದರೆ ಮುಂದಿನ ಭೇಟಿಗೆ ಕಾಯದೆ ಆ ದಿನವೇ ಹೋಗಬೇಕು. ಅದು ಸೋಂಕಾಗಿದ್ದರೆ ಗಂಟೆಗಳ ಲೆಕ್ಕದಲ್ಲಿ ಕಣ್ಣು ಕೆಡುತ್ತದೆ.

ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ನೋಟ ನಿಧಾನವಾಗಿ ಮಸುಕಾದರೆ ಪೊರೆ ಮತ್ತೆ ಬಂತೆಂದು ಹೆದರಬೇಕಿಲ್ಲ. ಸಾಮಾನ್ಯವಾಗಿ ಲೆನ್ಸ್ ಹಿಂದಿನ ಚೀಲ ಮಬ್ಬಾಗಿರುತ್ತದೆ. ಯಾಗ್ ಲೇಸರ್‌ನಿಂದ ಕೂತಲ್ಲೇ ಕೆಲವು ನಿಮಿಷಗಳಲ್ಲಿ ಅದನ್ನು ಸರಿಪಡಿಸುತ್ತಾರೆ. ಅದರ ಖರ್ಚು ಬೇರೆ. ಎಡಗಣ್ಣಿನ ಆಪರೇಷನ್‌ಗೆ ಮೇಲಿನ ಇಡೀ ಲೆಕ್ಕ ಮತ್ತೊಮ್ಮೆ ಬರುತ್ತದೆ. ಆಗ ಮೊದಲ ಕಣ್ಣಿಗೆ ಹಾಕಿದ ಲೆನ್ಸಿನ ಹೆಸರು, ಪವರ್, ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್ ಡಾಕ್ಟರಿಗೆ ಬೇಕಾಗುತ್ತದೆ. ವಿಮೆಯವರೂ ಬಿಲ್ಲಿನ ಜೊತೆ ಅದನ್ನೇ ಕೇಳುತ್ತಾರೆ. ಡಿಸ್ಚಾರ್ಜ್ ಸಮ್ಮರಿಗೆ ಅದನ್ನು ಅಂಟಿಸಿದ್ದಾರೆಯೇ ನೋಡಿಯೇ ಆಸ್ಪತ್ರೆಯಿಂದ ಹೊರಡಿ, ಮನೆಗೆ ಬಂದ ಮೇಲೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ.