ಸಂಬಳ ಎರಡು ದೇಶದಲ್ಲಿ, ತೆರಿಗೆ ಎಲ್ಲಿ?

ಬೆಂಗಳೂರಿನ ಕಂಪನಿಯೊಂದು ತನ್ನ ಎಂಜಿನಿಯರ್ ಒಬ್ಬರನ್ನು ಎರಡು ವರ್ಷದ ಮಟ್ಟಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕಳಿಸುತ್ತದೆ ಎಂದುಕೊಳ್ಳಿ. ಅಲ್ಲಿನ ಬಾಡಿಗೆ, ದಿನಸಿಗೆ ಯೂರೋ ಬೇಕು. ಇಲ್ಲಿನ ಗೃಹಸಾಲದ ಕಂತು, ಪಿ.ಎಫ್., ಅಪ್ಪ ಅಮ್ಮನ ಖರ್ಚಿಗೆ ರೂಪಾಯಿ ಬೇಕು. ಹಾಗಾಗಿ ಕಂಪನಿ ತಿಂಗಳಿಗೆ 4,000 ಯೂರೋವನ್ನು ಅಲ್ಲಿನ ಬ್ಯಾಂಕಿಗೂ 1,80,000 ರೂಪಾಯಿಯನ್ನು ಇಲ್ಲಿನ ಖಾತೆಗೂ ಹಾಕುತ್ತದೆ. ಯೂರೋಗೆ 90 ರೂಪಾಯಿಯ ಲೆಕ್ಕದಲ್ಲಿ ರೂಪಾಯಿಯ ಪಾಲು 2,000 ಯೂರೋ ಆಗುತ್ತದೆ.

ಜರ್ಮನಿ ಬರೀ 4,000 ಯೂರೋಗೆ ತೆರಿಗೆ ಹಾಕುತ್ತದೆ ಎಂದು ಹಲವರು ನಂಬಿರುತ್ತಾರೆ. ಅದು ತಪ್ಪು. ದುಡಿಮೆ ನಡೆದದ್ದು ಸ್ಟುಟ್‌ಗಾರ್ಟ್‌ನಲ್ಲಿ, ಆದ್ದರಿಂದ ಹಣ ಯಾವ ಖಾತೆಗೆ ಬಿದ್ದರೂ ಪೂರ್ತಿ 6,000 ಯೂರೋ ಅಲ್ಲಿನ ತೆರಿಗೆಗೆ ಒಳಪಡುತ್ತದೆ. ಅಲ್ಲಿನ ಸಂಬಳ ವಿಭಾಗ ರೂಪಾಯಿಯ ಪಾಲನ್ನೂ ಯೂರೋಗೆ ಪರಿವರ್ತಿಸಿ ಸೇರಿಸಬೇಕು. ಸೇರಿಸಿದೆಯೇ ಎಂದು ತಿಳಿಯಲು ವರ್ಷದ ಕೊನೆಗೆ ಸಿಗುವ ಸಂಬಳ ತೆರಿಗೆ ಪ್ರಮಾಣಪತ್ರ ನೋಡಿ. ಇಡೀ ವರ್ಷ ಅಲ್ಲಿ ದುಡಿದಿದ್ದರೆ ಅದರಲ್ಲಿ ಸುಮಾರು 72,000 ಯೂರೋ ಇರಬೇಕು. 48,000 ಎಂದಿದ್ದರೆ ರೂಪಾಯಿಯ ಪಾಲು ಬಿಟ್ಟುಹೋಗಿದೆ ಎಂದೇ ಅರ್ಥ.

ಇನ್ನು ಭಾರತದ ಕಡೆ ನೋಡೋಣ. ಉದ್ಯೋಗಕ್ಕೆಂದು ಹೊರಟ ಭಾರತೀಯ ಪ್ರಜೆ ಆ ಆರ್ಥಿಕ ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಇಲ್ಲಿದ್ದರೆ ಸಾಮಾನ್ಯವಾಗಿ ಅನಿವಾಸಿ. ಆದರೆ ಅನಿವಾಸಿಯಾದರೂ, ಭಾರತದಲ್ಲಿ ಮೊದಲು ಕೈಸೇರುವ ಸಂಬಳಕ್ಕೆ ನಮ್ಮ ಕಾನೂನು ತೆರಿಗೆ ಹಾಕುತ್ತದೆ. ಹಾಗಾಗಿ ಆ 1,80,000ದ ಮೇಲೆ ಕಂಪನಿ ಟಿ.ಡಿ.ಎಸ್. ಹಿಡಿಯುತ್ತದೆ, ಅದೇ ಹಣಕ್ಕೆ ಜರ್ಮನಿಯಲ್ಲೂ ತೆರಿಗೆ ಕಟ್ಟಿರುತ್ತೀರಿ. ಇದಕ್ಕೆ ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದಲ್ಲಿ ಪರಿಹಾರವಿದೆ. ನೀವು ಜರ್ಮನಿಯ ನಿವಾಸಿ ಎಂಬ ಪ್ರಮಾಣಪತ್ರವನ್ನು ಅಲ್ಲಿನ ತೆರಿಗೆ ಕಚೇರಿಯಿಂದ ಪಡೆದು, ಇಲ್ಲಿ ರಿಟರ್ನ್ ಸಲ್ಲಿಸುವಾಗ ವಿನಾಯಿತಿ ಕೇಳಬೇಕು. ಕೈಬಿಟ್ಟ ಹಣ ವಾಪಸು ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕಾದೀತು.

ಸಂಬಳ ಮೊದಲು ಜರ್ಮನಿಯ ಖಾತೆಗೇ ಬಿದ್ದು, ಬಳಿಕ ನೀವೇ ಊರಿಗೆ ಕಳಿಸಿದರೆ ಈ ತೊಡಕು ಹುಟ್ಟುವುದಿಲ್ಲ. ಹಾಗೆ ಕಳಿಸಿದ್ದು ಸ್ವಂತ ಹಣದ ರವಾನೆಯೇ ಹೊರತು ಇಲ್ಲಿ ಪಡೆದ ಸಂಬಳವಲ್ಲ. ಹಾಗಾದರೆ ರೂಪಾಯಿಯ ಪಾಲೇ ಏಕೆ ಬೇಕು? ಮುಖ್ಯವಾಗಿ ಪಿ.ಎಫ್.ಗಾಗಿ. 2017ರ ಮೇ 1ರಿಂದ ಜಾರಿಯಲ್ಲಿರುವ ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದದಂತೆ, ಹೊರಡುವ ಮೊದಲೇ ಪಿ.ಎಫ್. ಕಚೇರಿಯಿಂದ ವ್ಯಾಪ್ತಿ ಪ್ರಮಾಣಪತ್ರ ಪಡೆದರೆ ಅಲ್ಲಿನ ಪಿಂಚಣಿ ವಂತಿಗೆ ಕಟ್ಟಬೇಕಿಲ್ಲ, ಇಲ್ಲಿನ ಪಿ.ಎಫ್. ಮುಂದುವರಿಯುತ್ತದೆ.

ಆದ್ದರಿಂದ ರೂಪಾಯಿಯ ಪಾಲನ್ನು ಪಿ.ಎಫ್. ಮತ್ತು ತಪ್ಪಿಸಲಾಗದ ಕಡಿತಗಳಿಗೆ ಬೇಕಾದಷ್ಟಕ್ಕೇ ಇರಿಸಿ ಎಂದು ಕಂಪನಿಯನ್ನು ಕೇಳಿ. ಎರಡು ತೆರಿಗೆಗಳ ನಡುವಿನ ಹೊರೆ ಯಾರದು ಎಂಬುದನ್ನು ನಿಯೋಜನೆ ಪತ್ರದಲ್ಲಿ ಬರೆಸಿಕೊಂಡ ಮೇಲೆಯೇ ಸಹಿ ಹಾಕಿ.